ದಿನಕ್ಕೆ ಎಷ್ಟು ಕೆಲಸ ಬಂದರೆ ಅಂಗಡಿ ಉಳಿದೀತು?
ಬ್ಯೂಟಿ ಪಾರ್ಲರ್ ತೆರೆಯುವ ಮುನ್ನ ಮಾಡಬೇಕಾದ ಒಂದು ಲೆಕ್ಕ

(ಗ್ರೇಟರ್ ನೋಯ್ಡಾದಲ್ಲಿ ನಮ್ಮ ಸಂಘದ ಮಹಿಳಾ ವಿಭಾಗದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಸಣ್ಣ ಸಾಲ ಪಡೆದು ಸ್ವಂತ ಉದ್ಯೋಗ ಆರಂಭಿಸುವ ವಿಚಾರವಾಗಿ ಮಾತನಾಡಬೇಕೆಂದು ನನ್ನನ್ನು ಕೇಳಿಕೊಂಡಿದ್ದೀರಿ. ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು ನಾನು. ಎಲ್ಲ ಉದ್ಯೋಗಗಳ ಬಗ್ಗೆಯೂ ಸ್ವಲ್ಪ ಸ್ವಲ್ಪ ಹೇಳುವುದಕ್ಕಿಂತ ಒಂದನ್ನೇ ಹಿಡಿದು ಕೊನೆಯವರೆಗೆ ಲೆಕ್ಕ ಮಾಡುವುದು ಉಪಯುಕ್ತವೆಂದು ತೋರಿತು. ಈ ಸಭೆಯಲ್ಲಿರುವ ಸೋದರಿಯೊಬ್ಬರು ತಾವಿರುವ ಬಡಾವಣೆಯಲ್ಲಿ ಬ್ಯೂಟಿ ಪಾರ್ಲರ್ ತೆರೆಯಬೇಕೆಂದು ನಿಶ್ಚಯಿಸಿದ್ದಾರೆ. ಸಾಲದ ಅರ್ಜಿ ಸಿದ್ಧವಾಗಿದೆ, ಸಹಿ ಮಾತ್ರ ಬಾಕಿ. ಅವರ ಹೆಸರು ಹೇಳುವುದಿಲ್ಲ. ಅವರ ಅಂಕಿಗಳನ್ನು, ಅವರ ಒಪ್ಪಿಗೆಯಿಂದ, ಲೆಕ್ಕಕ್ಕೆ ಸುಲಭವಾಗುವಂತೆ ಸ್ವಲ್ಪ ದುಂಡಾಗಿಸಿ ನಿಮ್ಮ ಮುಂದಿಡುತ್ತೇನೆ. ನಿಮ್ಮ ಬಡಾವಣೆಯ ಬಾಡಿಗೆ, ದರಗಳು ಬೇರೆ ಇರಬಹುದು. ಅಂಕಿ ಬದಲಿಸಿಕೊಳ್ಳಿ, ಲೆಕ್ಕದ ಕ್ರಮವನ್ನು ಬದಲಿಸಬೇಡಿ.

ವಾಣಿಜ್ಯಶಾಸ್ತ್ರದವರು ಬ್ರೇಕ್ ಈವನ್ ಪಾಯಿಂಟ್ ಎಂದು ಕರೆಯುವುದನ್ನು ನಾವು ಸರಿದೂಗುವ ಬಿಂದು ಎನ್ನೋಣ. ಆದಾಯ ಮತ್ತು ಖರ್ಚು ತಕ್ಕಡಿಯಲ್ಲಿ ಸಮವಾಗಿ ನಿಲ್ಲುವ ಸ್ಥಳ ಅದು. ಅದಕ್ಕಿಂತ ಕೆಳಗೆ ನಷ್ಟ, ಮೇಲೆ ಲಾಭ. ಮಾತು ಸರಳವಾಗಿದೆ. ಆದರೆ ಯಾವ ಖರ್ಚನ್ನು ತಕ್ಕಡಿಗೆ ಹಾಕಬೇಕು, ಆದಾಯದಲ್ಲಿ ಎಷ್ಟನ್ನು ನಮ್ಮದೆಂದು ತಿಳಿಯಬೇಕು ಎಂಬಲ್ಲಿ ಹೆಚ್ಚಿನ ಅರ್ಜಿಗಳು ಎಡವುತ್ತವೆ.

ಮೊದಲು ಬಂಡವಾಳ. ಈ ಸೋದರಿ ನೋಡಿಟ್ಟಿರುವುದು ತಮ್ಮ ವಸತಿ ಸಂಕೀರ್ಣದ ಪಕ್ಕದ ಮಾರುಕಟ್ಟೆಯಲ್ಲಿ ಎರಡು ಕುರ್ಚಿ, ಒಂದು ಫೇಶಿಯಲ್ ಮಂಚ ಹಿಡಿಸುವ ಮಳಿಗೆ. ಎರಡು ತಿಂಗಳ ಬಾಡಿಗೆ ಮುಂಗಡ 28,000 ರೂಪಾಯಿ. ಕನ್ನಡಿ, ನಲ್ಲಿ, ಬಣ್ಣ, ದೀಪಗಳಿಗೆ 90,000. ಕುರ್ಚಿ, ಮಂಚ, ಸ್ಟೀಮರ್, ವ್ಯಾಕ್ಸ್ ಹೀಟರ್, ಇನ್ವರ್ಟರ್ ಮೊದಲಾದ ಸಲಕರಣೆಗಳಿಗೆ 82,000. ಕ್ರೀಮು, ವ್ಯಾಕ್ಸ್ ಇತ್ಯಾದಿ ಸರಕಿಗೆ 25,000. ಕೈಯಲ್ಲಿ ನಗದು 45,000. ಒಟ್ಟು 2,70,000. ಇದರಲ್ಲಿ 1,20,000 ಅವರ ಉಳಿತಾಯ, 1,50,000 ಬ್ಯಾಂಕಿನ ಸಾಲ. 2015ರ ಏಪ್ರಿಲ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ಸಾಲ ಶಿಶು, ಅದರಾಚೆ 5 ಲಕ್ಷದವರೆಗೆ ಕಿಶೋರ. ಇವರದು ಕಿಶೋರ. ಆಸ್ತಿಯ ಅಡಮಾನ ಬೇಡ. ಅಡಮಾನ ಬೇಡವೆಂದ ಮಾತ್ರಕ್ಕೆ ಹೊಣೆ ಇಲ್ಲವೆಂದಲ್ಲ. ಕಂತು ತಪ್ಪಿದರೆ ಅದು ಸಾಲದ ದಾಖಲೆಯಲ್ಲಿ ಉಳಿಯುತ್ತದೆ, ಮುಂದೆ ಮಕ್ಕಳ ಓದಿಗೋ ಮನೆಗೋ ಸಾಲ ಕೇಳಲು ಹೋದಾಗ ಎದುರಾಗುತ್ತದೆ.

ಶೇಕಡಾ 12ರ ಬಡ್ಡಿಯಲ್ಲಿ ಮೂರು ವರ್ಷಕ್ಕೆ ಈ ಸಾಲದ ಮಾಸಿಕ ಕಂತು 4,982 ರೂಪಾಯಿ. 5,000 ಎಂದೇ ಇಟ್ಟುಕೊಳ್ಳೋಣ. ಮೊದಲ ಕಂತಿನಲ್ಲಿ ಬಡ್ಡಿ 1,500 ಮಾತ್ರ, ಉಳಿದದ್ದು ಅಸಲು. ಲೆಕ್ಕಪತ್ರದ ದೃಷ್ಟಿಯಲ್ಲಿ ಬಡ್ಡಿ ಮಾತ್ರವೇ ಖರ್ಚು, ಅಸಲು ಖರ್ಚಲ್ಲ. ಅದರ ಬದಲು ಸಲಕರಣೆಗಳ ಸವಕಳಿಯನ್ನು ಬರೆಯಬೇಕು. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಪೂರ್ಣ ಅಂಕ ಸಿಗುತ್ತದೆ. ಆದರೆ ತಿಂಗಳ ಕೊನೆಗೆ ಗಲ್ಲಾಪೆಟ್ಟಿಗೆಯಿಂದ ಹೊರಹೋಗುವುದು ಪೂರ್ತಿ 5,000. ಸಲಕರಣೆ ಐದು ವರ್ಷ ಬಾಳಬಹುದು, ಬ್ಯಾಂಕು ಕಾಯುವುದು ಮೂರೇ ವರ್ಷ. ಆದ್ದರಿಂದ ಸಾಲ ತೀರುವವರೆಗೆ ಸವಕಳಿಯನ್ನು ಬದಿಗಿಟ್ಟು ಪೂರ್ತಿ ಕಂತನ್ನೇ ಖರ್ಚೆಂದು ತಿಳಿಯುವುದು ಕ್ಷೇಮ. ಸಾಲ ತೀರಿದ ಮೇಲೂ ಅದೇ ಮೊತ್ತವನ್ನು ಪ್ರತ್ಯೇಕವಾಗಿ ಕೂಡಿಡುತ್ತ ಬಂದರೆ ಕುರ್ಚಿ ಮುರಿದ ದಿನ ಮತ್ತೆ ಸಾಲಕ್ಕೆ ಹೋಗಬೇಕಾಗುವುದಿಲ್ಲ.

ಇನ್ನು ಗಿರಾಕಿ ಬರಲಿ ಬಾರದಿರಲಿ ತೆರಲೇಬೇಕಾದ ಸ್ಥಿರ ಖರ್ಚು. ಬಾಡಿಗೆ 14,000. ಒಬ್ಬ ಸಹಾಯಕಿಯ ಸಂಬಳ 13,000. ವಿದ್ಯುತ್ತಿಗೆ 4,000, ಅಂಗಡಿಗೆ ವಾಣಿಜ್ಯ ದರ, ಮನೆಯ ದರವಲ್ಲ. ಫೋನು, ನೀರು, ಟವೆಲ್ ಒಗೆತ, ಮಾರುಕಟ್ಟೆಯ ನಿರ್ವಹಣಾ ಶುಲ್ಕ ಸೇರಿ 2,500. ಒಟ್ಟು 33,500. ಇದನ್ನು ಮೊದಲ ಮೆಟ್ಟಿಲು ಎನ್ನೋಣ. ಇಷ್ಟು ಬಂದರೆ ಅಂಗಡಿಯ ಬಾಗಿಲು ತೆರೆದಿರುತ್ತದೆ. ಬ್ಯಾಂಕಿನ ಕಂತು ಸೇರಿಸಿದರೆ 38,500, ಇದು ಎರಡನೆಯ ಮೆಟ್ಟಿಲು. ಇಷ್ಟು ಬಂದರೆ ಬ್ಯಾಂಕಿನವರು ಫೋನು ಮಾಡುವುದಿಲ್ಲ.

ಬಹುತೇಕ ಅರ್ಜಿಗಳು ಇಲ್ಲಿಗೇ ನಿಲ್ಲುತ್ತವೆ. ಮೂರನೆಯ ಮೆಟ್ಟಿಲು ಅಂಗಡಿಯ ಒಡತಿಯ ಸ್ವಂತ ದುಡಿಮೆಯದು. ಬೆಳಿಗ್ಗೆ ಹತ್ತೂವರೆಯಿಂದ ರಾತ್ರಿ ಎಂಟರವರೆಗೆ ನಿಂತು ಕೆಲಸ ಮಾಡುವ ಈಕೆ ಇನ್ನೊಬ್ಬರ ಪಾರ್ಲರಿನಲ್ಲಿ ದುಡಿದಿದ್ದರೆ 15,000 ಸಂಬಳ ತರುತ್ತಿದ್ದರು. ತಮ್ಮ ಅಂಗಡಿಯಲ್ಲಿ ಅದನ್ನು ಸೊನ್ನೆ ಎಂದು ಬರೆದರೆ, ಸರಿದೂಗಿತೆಂದು ನಾವು ಸಂತೋಷಪಡುವ ದಿನ ಅವರು ಬಿಟ್ಟಿ ದುಡಿಯುತ್ತಿರುತ್ತಾರೆ. ನಮ್ಮ ಮನೆಗಳಲ್ಲಿ ಹೆಂಗಸರ ದುಡಿಮೆಗೆ ಬೆಲೆ ಕಟ್ಟದಿರುವುದು ರೂಢಿ. ಆ ರೂಢಿಯನ್ನು ಅಂಗಡಿಯ ಖಾತೆಗೂ ತರಬಾರದು. ಆದ್ದರಿಂದ ಮೂರನೆಯ ಮೆಟ್ಟಿಲು 53,500.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಒಂದು ಕೆಲಸಕ್ಕೆ ಗಿರಾಕಿ ಕೊಡುವ ಹಣವೆಲ್ಲ ನಮ್ಮದಲ್ಲ. ಆ ಕೆಲಸಕ್ಕಾಗಿಯೇ ಖರ್ಚಾದ ಸಾಮಗ್ರಿಯ ಬೆಲೆಯನ್ನು ಕಳೆಯಬೇಕು. ಕಳೆದು ಉಳಿದದ್ದನ್ನು ಉಳಿಕೆ ಎನ್ನೋಣ. ಬಾಡಿಗೆಯನ್ನೂ ಸಂಬಳವನ್ನೂ ಕಂತನ್ನೂ ತೀರಿಸುವುದು ಈ ಉಳಿಕೆ ಮಾತ್ರ. ಹುಬ್ಬಿನ ಥ್ರೆಡಿಂಗಿಗೆ 50 ರೂಪಾಯಿ. ದಾರ, ಪೌಡರಿಗೆ 2 ಹೋದರೆ ಉಳಿಕೆ 48. ಕೈಗಳ ವ್ಯಾಕ್ಸಿಂಗಿಗೆ 250. ವ್ಯಾಕ್ಸ್, ಪಟ್ಟಿಗಳಿಗೆ 70 ಹೋಗಿ ಉಳಿಕೆ 180. ಕೂದಲು ಕತ್ತರಿಸಲು 250, ಉಳಿಕೆ 230. ಫೇಶಿಯಲಿಗೆ 800, ಕಿಟ್ಟಿಗೆ 250 ಹೋಗಿ ಉಳಿಕೆ 550. ಸಾಮಗ್ರಿಯ ಬೆಲೆಯನ್ನು ಡಬ್ಬಿಯ ಮೇಲಿನ ಲೆಕ್ಕದಿಂದ ಭಾಗಿಸಬೇಡಿ. ಹತ್ತು ಜನಕ್ಕೆ ಆಗಬೇಕಾದ ಡಬ್ಬಿ ಹೊಸ ಕೈಯಲ್ಲಿ ಏಳೆಂಟು ಜನಕ್ಕೇ ಮುಗಿಯುತ್ತದೆ. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದು, ಎಷ್ಟು ಕೆಲಸಕ್ಕೆ ಬಂತೆಂದು ಎಣಿಸಿದರೆ ನಿಜವಾದ ಬೆಲೆ ತಿಳಿಯುತ್ತದೆ.

ಇಲ್ಲಿ ತೆರಿಗೆಯ ಮಾತೊಂದು. ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ವಹಿವಾಟಿರುವ ಇಂಥ ಸೇವೆಯ ಅಂಗಡಿಗೆ ಜಿಎಸ್‌ಟಿ ನೋಂದಣಿ ಬೇಡ. ನೋಂದಣಿ ಇದ್ದವರಿಗೂ ಸೌಂದರ್ಯ ಸೇವೆಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಆದರೆ ನಾವು ಕೊಳ್ಳುವ ಸಾಮಗ್ರಿಯ ಮೇಲೆ ತೆತ್ತ ತೆರಿಗೆ ನಮಗೆ ಹಿಂದಿರುಗಿ ಬರುವುದಿಲ್ಲ. ಆದ್ದರಿಂದ ಸಾಮಗ್ರಿಯ ಬೆಲೆಯನ್ನು ತೆರಿಗೆ ಸೇರಿಸಿಯೇ ಬರೆಯಿರಿ.

ನಾಲ್ಕು ಕೆಲಸಗಳ ಉಳಿಕೆ ನಾಲ್ಕು ಬಗೆಯಾದರೆ ಯಾವುದರಿಂದ ಭಾಗಿಸುವುದು? ಇದಕ್ಕೆ ಕೆಲಸಗಳ ಪ್ರಮಾಣ ತಿಳಿದಿರಬೇಕು. ಈ ಸೋದರಿ ಪಕ್ಕದ ಸೆಕ್ಟರಿನ ಪಾರ್ಲರೊಂದರಲ್ಲಿ ಮೂರು ತಿಂಗಳು ಕೆಲಸಕ್ಕಿದ್ದು ನೋಡಿದಂತೆ, ನೂರು ಕೆಲಸಗಳಲ್ಲಿ 60 ಥ್ರೆಡಿಂಗ್, 18 ವ್ಯಾಕ್ಸಿಂಗ್, 14 ಕೂದಲು ಕತ್ತರಿಸುವುದು, 8 ಫೇಶಿಯಲ್. ನೂರು ಕೆಲಸಗಳಿಂದ ಗಲ್ಲಾಕ್ಕೆ ಬರುವುದು 17,400 ರೂಪಾಯಿ, ಉಳಿಕೆ 13,740. ಅಂದರೆ ಸರಾಸರಿ ಒಂದು ಕೆಲಸಕ್ಕೆ ಬರುವುದು 174, ಉಳಿಯುವುದು 137 ರೂಪಾಯಿ 40 ಪೈಸೆ.

ಇನ್ನು ಭಾಗಾಕಾರ. ಮೊದಲ ಮೆಟ್ಟಿಲಿನ 33,500ಕ್ಕೆ ತಿಂಗಳಿಗೆ 244 ಕೆಲಸ ಬೇಕು. ಎರಡನೆಯದಕ್ಕೆ 281. ಮೂರನೆಯದಕ್ಕೆ 390. ವಾರಕ್ಕೊಂದು ರಜೆ ಕಳೆದು ತಿಂಗಳಿಗೆ 26 ದಿನವೆಂದರೆ, ಬಾಗಿಲು ತೆರೆದಿಡಲು ದಿನಕ್ಕೆ ಒಂಬತ್ತೂವರೆ, ಬ್ಯಾಂಕಿಗೆ ಉತ್ತರ ಹೇಳಲು ಹನ್ನೊಂದು, ತಮ್ಮ ದುಡಿಮೆಗೆ ಸಂಬಳ ಸಿಗಲು ಹದಿನೈದು. ಅರ್ಜಿಯಲ್ಲಿ ಉಳಿಕೆಯ ಬದಲು ಪೂರ್ತಿ ದರವಾದ 174ರಿಂದ ಭಾಗಿಸಿ, ಸ್ವಂತ ಸಂಬಳವನ್ನೂ ಬಿಟ್ಟು, ದಿನಕ್ಕೆ ಎಂಟೂವರೆ ಸಾಕೆಂದು ತೋರಿಸಲಾಗಿತ್ತು. ಎಂಟೂವರೆಗೂ ಹದಿನೈದಕ್ಕೂ ಇರುವ ಅಂತರದಲ್ಲಿ ಒಂದು ಸಂಸಾರದ ಉಳಿತಾಯ ಮುಳುಗಿಹೋಗಬಹುದು.

ದಿನಕ್ಕೆ ಹದಿನೈದು ಎಂಬುದು ಕಾಗದದ ಮೇಲಿನ ಅಂಕಿ. ಅದನ್ನು ಮನೆಗಳ ಲೆಕ್ಕಕ್ಕೆ ಇಳಿಸಬೇಕು. ಖಾಯಂ ಗಿರಾಕಿಯೊಬ್ಬರು ಮೂರು ವಾರಕ್ಕೊಮ್ಮೆ ಹುಬ್ಬು ತಿದ್ದಿಸಿಕೊಂಡು, ಆಗೊಮ್ಮೆ ಈಗೊಮ್ಮೆ ಇನ್ನೊಂದು ಕೆಲಸ ಮಾಡಿಸಿಕೊಂಡರೆ ತಿಂಗಳಿಗೆ ಸರಾಸರಿ ಒಂದೂವರೆ ಕೆಲಸ ಕೊಡುತ್ತಾರೆ ಎಂದಿಟ್ಟುಕೊಳ್ಳೋಣ. 390 ಕೆಲಸಕ್ಕೆ 260 ಖಾಯಂ ಗಿರಾಕಿಗಳು ಬೇಕು. ಹತ್ತು ಮನೆಗೆ ಒಬ್ಬರು ನಮ್ಮಲ್ಲಿಗೆ ಬರುತ್ತಾರೆಂದರೆ, ನಡೆದು ಬರುವ ದೂರದಲ್ಲಿ 2,600 ಮನೆಗಳು ಇರಬೇಕು.

ನಮ್ಮ ಊರಿನ ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಗ್ರೇಟರ್ ನೋಯ್ಡಾ ಪ್ರಾಧಿಕಾರ ಸ್ಥಾಪನೆಯಾದದ್ದು 1991ರಲ್ಲಿ. ಹಳೆಯ ಆಲ್ಫಾ, ಬೀಟಾ, ಗಾಮಾ ಸೆಕ್ಟರುಗಳಲ್ಲಿ ಸಾಲುಮನೆಗಳು, ಜಗತ್ ಫಾರ್ಮಿನಂಥ ತುಂಬಿದ ಮಾರುಕಟ್ಟೆ ಇವೆ. ಪಶ್ಚಿಮ ಭಾಗದಲ್ಲಿ ಇರುವುದು ಗೋಪುರಗಳ ಕಾಡು. ಅಲ್ಲಿ ಕಟ್ಟಿದ ಫ್ಲಾಟುಗಳೆಲ್ಲ ವಾಸದ ಫ್ಲಾಟುಗಳಲ್ಲ. ಹೂಡಿಕೆಗೆ ಕೊಂಡು ಬೀಗ ಹಾಕಿಟ್ಟವೂ ಉಂಟು. ಬಿಲ್ಡರನ ಫಲಕದಲ್ಲಿರುವ ಸಂಖ್ಯೆಯನ್ನು ನಂಬದೆ, ಬೇಸಿಗೆ ರಜೆಯಲ್ಲದ ಒಂದು ದಿನ ರಾತ್ರಿ ಎಂಟು ಗಂಟೆಗೆ ಕೆಳಗೆ ನಿಂತು ದೀಪ ಉರಿಯುವ ಮನೆಗಳನ್ನು ಎಣಿಸಿರಿ. ಆಮೇಲೆ ಅದೇ ಆವರಣದಲ್ಲಿ ಈಗಾಗಲೇ ಇರುವ ಪಾರ್ಲರುಗಳನ್ನೂ, ಮೊಬೈಲಿನಲ್ಲಿ ಕರೆದರೆ ಮನೆಗೇ ಬರುವ ಸೇವೆಯನ್ನೂ ನೆನೆದು ಹತ್ತಕ್ಕೊಂದು ಎಂಬ ಊಹೆ ನಿಲ್ಲುವುದೇ ಎಂದು ಯೋಚಿಸಿರಿ.

ಸಂಘದ ಕನ್ನಡ ಕುಟುಂಬಗಳನ್ನು ಗಿರಾಕಿಗಳೆಂದು ಎಣಿಸಬೇಡಿ ಎಂದು ನಾನು ಕಟುವಾಗಿಯೇ ಹೇಳಬೇಕಾಗಿದೆ. ನಾವೆಲ್ಲ ರಾಜ್ಯೋತ್ಸವಕ್ಕೆ ಒಟ್ಟಿಗೆ ಸೇರುತ್ತೇವೆ, ನಿಜ. ಆದರೆ ಒಬ್ಬರು ಬೀಟಾದಲ್ಲಿ, ಇನ್ನೊಬ್ಬರು ಪಶ್ಚಿಮ ಭಾಗದಲ್ಲಿ, ಮತ್ತೊಬ್ಬರು ನೋಯ್ಡಾದಲ್ಲಿ. ಹುಬ್ಬು ತಿದ್ದಿಸಿಕೊಳ್ಳಲು ಯಾರೂ ಆಟೋ ಹಿಡಿದು ಬರುವುದಿಲ್ಲ. ಬಂದವರು ನಮ್ಮವರೆಂಬ ಸಲಿಗೆಯಲ್ಲಿ ರಿಯಾಯಿತಿಯನ್ನೂ ಕೇಳುತ್ತಾರೆ. ಈ ಅಂಗಡಿ ಉಳಿಯುವುದು ಎದುರು ಗೋಪುರದ ಹಿಂದಿ ಮಾತನಾಡುವ ನೆರೆಯವರಿಂದ.

ಇನ್ನು ರಿಯಾಯಿತಿಯ ವಿಚಾರ. ಪಕ್ಕದ ಪಾರ್ಲರಿನವರು ಫೇಶಿಯಲನ್ನು 650ಕ್ಕೆ ಇಳಿಸಿದರು, ನಾವೂ ಇಳಿಸೋಣ ಎನ್ನುತ್ತೇವೆ. 800ರಲ್ಲಿ 150 ಇಳಿದರೆ ಬೆಲೆ ಇಳಿದದ್ದು ಐದರಲ್ಲೊಂದು ಭಾಗಕ್ಕಿಂತ ಕಡಿಮೆ. ಆದರೆ ಕಿಟ್ಟಿನ 250 ಇಳಿಯುವುದಿಲ್ಲವಾದ್ದರಿಂದ ಉಳಿಕೆ 550ರಿಂದ 400ಕ್ಕೆ, ಅಂದರೆ ನಾಲ್ಕರಲ್ಲೊಂದು ಭಾಗಕ್ಕಿಂತಲೂ ಹೆಚ್ಚು ಕುಸಿಯುತ್ತದೆ. ಮೊದಲು ಎಂಟು ಫೇಶಿಯಲಿನಿಂದ ಸಿಗುತ್ತಿದ್ದುದನ್ನು ಪಡೆಯಲು ಈಗ ಹನ್ನೊಂದು ಮಾಡಬೇಕು. ಒಂದಕ್ಕೆ ಒಂದು ಗಂಟೆಯಂತೆ ಮೂರು ಗಂಟೆಯ ದುಡಿಮೆ ಹೆಚ್ಚಾಯಿತು, ಹಣ ಅಷ್ಟೇ.

ಇದಕ್ಕಿಂತಲೂ ಕಣ್ಣಿಗೆ ಬೀಳದ ಅಪಾಯವೊಂದಿದೆ. ಜನ ಹೆಚ್ಚಾಗುತ್ತಾರೆ, ಹಣ ಕಡಿಮೆಯಾಗುತ್ತದೆ. ನೂರು ಕೆಲಸಗಳಲ್ಲಿ ಥ್ರೆಡಿಂಗ್ 80ಕ್ಕೆ ಏರಿ, ವ್ಯಾಕ್ಸಿಂಗ್ 10ಕ್ಕೂ ಕೂದಲಿನ ಕೆಲಸ 7ಕ್ಕೂ ಫೇಶಿಯಲ್ 3ಕ್ಕೂ ಇಳಿದವೆನ್ನಿ. ಸರಾಸರಿ ಉಳಿಕೆ 137ರಿಂದ 89ಕ್ಕೆ ಬರುತ್ತದೆ. ಆಗ ಮೂರನೆಯ ಮೆಟ್ಟಿಲಿಗೆ ತಿಂಗಳಿಗೆ 602 ಕೆಲಸ, ದಿನಕ್ಕೆ ಇಪ್ಪತ್ತಮೂರು ಬೇಕು. ದಿನಕ್ಕೆ ಇಪ್ಪತ್ತು ಕೆಲಸ ಬರುತ್ತಿರುವ ಅಂಗಡಿ ಹೊರಗಿನಿಂದ ನೋಡುವವರಿಗೆ ತುಂಬಿ ತುಳುಕುವಂತೆ ಕಾಣುತ್ತದೆ. ಒಳಗೆ ಒಡತಿಗೆ ಪೂರ್ತಿ ಸಂಬಳ ಹುಟ್ಟುತ್ತಿರುವುದಿಲ್ಲ. ಆದ್ದರಿಂದ ದಿನದ ಕೊನೆಗೆ ಒಟ್ಟು ಹಣವನ್ನಷ್ಟೇ ಬರೆಯದೆ, ಯಾವ ಕೆಲಸ ಎಷ್ಟು ಎಂದು ನಾಲ್ಕು ಅಂಕಣಗಳಲ್ಲಿ ಗೀಟು ಹಾಕಿ ಇಡಬೇಕು. ತಿಂಗಳಿಗೊಮ್ಮೆ ಕೂಡಿಸಿ ಸರಾಸರಿ ಉಳಿಕೆಯನ್ನು ಮತ್ತೆ ಲೆಕ್ಕ ಹಾಕಿದರೆ, ಪ್ರಮಾಣ ಜಾರುತ್ತಿರುವುದು ಎರಡನೆಯ ತಿಂಗಳಲ್ಲಿಯೇ ತಿಳಿದುಬಿಡುತ್ತದೆ.

ಇಷ್ಟರವರೆಗೆ ಹೇಳಿದ್ದು ಸರಿದೂಗುವ ಬಿಂದು ಎಲ್ಲಿದೆ ಎಂಬುದನ್ನು. ಅಲ್ಲಿಗೆ ತಲುಪುವವರೆಗೆ ಕೈಯಲ್ಲಿ ಹಣ ಉಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಸಣ್ಣ ಅಂಗಡಿಗಳು ಮುಚ್ಚುವುದು ಸಾಮಾನ್ಯವಾಗಿ ಈ ಎರಡನೆಯ ಪ್ರಶ್ನೆಯಲ್ಲಿ.

ಮೊದಲ ತಿಂಗಳು ದಿನಕ್ಕೆ ಐದು ಕೆಲಸ ಬಂದವು, ಮುಂದೆ ಪ್ರತಿ ತಿಂಗಳೂ ಎರಡೆರಡು ಹೆಚ್ಚಾದವು ಎನ್ನೋಣ. ಒಡತಿ ತಮಗಾಗಿ ಒಂದು ಕಾಸೂ ತೆಗೆದುಕೊಳ್ಳುವುದಿಲ್ಲ. ಅಂಗಡಿ ಮತ್ತು ಬ್ಯಾಂಕು ಸೇರಿ ತಿಂಗಳಿಗೆ 38,500 ಬೇಕು. ಮೊದಲ ತಿಂಗಳ ಉಳಿಕೆ ಸುಮಾರು 17,900, ಆದ್ದರಿಂದ ಕೊರತೆ 20,600. ಎರಡನೆಯ ತಿಂಗಳ ಕೊರತೆ 13,500, ಮೂರನೆಯದು 6,300. ನಾಲ್ಕನೆಯ ತಿಂಗಳು ಹನ್ನೊಂದು ಕೆಲಸಕ್ಕೆ ತಲುಪಿ ಕೊರತೆ ನಿಲ್ಲುತ್ತದೆ. ಒಟ್ಟು 40,400 ಕರಗಿರುತ್ತದೆ. ಕೈಯಲ್ಲಿದ್ದ 45,000 ಸಾಲುತ್ತದೆ, ಆದರೆ ತುದಿಯಲ್ಲಿ.

ತಿಂಗಳಿಗೆ ಎರಡರ ಬದಲು ಒಂದೇ ಒಂದು ಹೆಚ್ಚಾದರೆ? ಐದು, ಆರು, ಏಳು ಎಂದು ಏರಿ ಏಳನೆಯ ತಿಂಗಳಿಗೆ ಹನ್ನೊಂದನ್ನು ಮುಟ್ಟುವ ಹೊತ್ತಿಗೆ ಒಟ್ಟು ಕೊರತೆ 70,000 ದಾಟಿರುತ್ತದೆ. 45,000 ರೂಪಾಯಿ ಮೂರನೆಯ ತಿಂಗಳ ಕೊನೆಗೆ ಮುಗಿದುಹೋಗಿರುತ್ತದೆ. ಗಮನಿಸಿ: ಈ ಅಂಗಡಿ ಮುಂದೆ ಚೆನ್ನಾಗಿ ನಡೆಯಬಹುದಾದ ಅಂಗಡಿಯೇ. ಗಿರಾಕಿಗಳು ತಿಂಗಳು ತಿಂಗಳೂ ಹೆಚ್ಚುತ್ತಲೇ ಇದ್ದಾರೆ. ಆದರೂ ನಾಲ್ಕನೆಯ ತಿಂಗಳ ಬಾಡಿಗೆಗೆ ಹಣವಿಲ್ಲ. ಆಗ ಒಡವೆ ಅಡವಿಗೆ ಹೋಗುತ್ತದೆ, ಇಲ್ಲವೆ ಪತಿಯ ಸಂಬಳದಿಂದ ಬಾಡಿಗೆ ಹೋಗುತ್ತದೆ. ಬ್ಯಾಂಕು ಆರಂಭದಲ್ಲಿ ಕೆಲವು ತಿಂಗಳು ಕಂತಿಗೆ ವಿರಾಮ ಕೊಟ್ಟರೆ ತಿಂಗಳಿಗೆ 5,000ದ ಭಾರ ಸ್ವಲ್ಪ ಇಳಿಯುತ್ತದೆ. ಅರ್ಜಿಯಲ್ಲಿಯೇ ಅದನ್ನು ಕೇಳಬೇಕು. ಬಡ್ಡಿ ಮಾತ್ರ ವಿರಾಮದಲ್ಲಿಯೂ ಓಡುತ್ತಲೇ ಇರುತ್ತದೆ.

ಆರಂಭದ ತಿಂಗಳು ಯಾವುದು ಎಂಬುದೂ ಮುಖ್ಯ. ನಮಗೆ ಆಷಾಢದಲ್ಲಿ ಮದುವೆ ಇಲ್ಲವೆಂಬುದು ಗೊತ್ತು. ಇಲ್ಲಿನ ಪಂಚಾಂಗದ ಹೆಜ್ಜೆ ಬೇರೆ. ಆಷಾಢ ಶುಕ್ಲ ಏಕಾದಶಿಯಿಂದ ಕಾರ್ತಿಕದ ಏಕಾದಶಿಯವರೆಗೆ ಮದುವೆಗಳಿಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಖರಮಾಸ, ಆಗಲೂ ಇಲ್ಲ. ಪಿತೃಪಕ್ಷದಲ್ಲಿ ಅಲಂಕಾರಕ್ಕೆ ಖರ್ಚು ಮಾಡುವವರು ಕಡಿಮೆ. ಮೇ ಜೂನ್ ರಜೆಯಲ್ಲಿ ಮನೆಗಳು ಬೀಗ ಹಾಕಿಕೊಂಡು ಊರಿಗೆ ಹೋಗುತ್ತವೆ. ಇನ್ನೊಂದು ಕಡೆ ಶ್ರಾವಣದ ತೀಜ್, ಕರ್ವಾ ಚೌತ್, ದೀಪಾವಳಿ, ಅನಂತರದ ಮದುವೆಗಳ ಕಾಲ ಇವು ತುಂಬಿದ ದಿನಗಳು. ಕರ್ವಾ ಚೌತ್‌ಗೆ ಎರಡು ತಿಂಗಳ ಮೊದಲು ತೆರೆದ ಅಂಗಡಿಗೆ ಆ ಹಬ್ಬ ಬರುವಷ್ಟರಲ್ಲಿ ಪರಿಚಯವಾಗಿರುತ್ತದೆ. ಡಿಸೆಂಬರ್‌ನಲ್ಲಿ ತೆರೆದದ್ದು ಮೊದಲ ತಿಂಗಳಲ್ಲೇ ಖರಮಾಸಕ್ಕೆ ಸಿಕ್ಕಿಕೊಳ್ಳುತ್ತದೆ. ಹಬ್ಬದ ತಿಂಗಳ ವ್ಯಾಪಾರ ನೋಡಿ ಅಂಗಡಿ ಸರಿದೂಗಿತೆಂದು ತೀರ್ಮಾನಿಸಬಾರದು. ಹನ್ನೆರಡು ತಿಂಗಳ ಉಳಿಕೆಯನ್ನು ಕೂಡಿಸಿ ಹನ್ನೆರಡು ತಿಂಗಳ ಖರ್ಚಿಗೆ ಹಿಡಿದು ನೋಡಬೇಕು.

ಹಾಗಾದರೆ ಈ ಸೋದರಿ ಸಹಿ ಮಾಡಬೇಕೋ ಬೇಡವೋ? ನನ್ನ ಅಭಿಪ್ರಾಯದಲ್ಲಿ ಈಗಿರುವ ಯೋಜನೆಗೆ ಬೇಡ, ಬದಲಿಸಿದ ಯೋಜನೆಗೆ ಬೇಕು. ಅದೇ ಮಾರುಕಟ್ಟೆಯ ಹಿಂಬದಿಯಲ್ಲಿ 9,000 ಬಾಡಿಗೆಯ ಸಣ್ಣ ಮಳಿಗೆಯೊಂದು ಖಾಲಿ ಇದೆ. ಅಲ್ಲಿ ಸಹಾಯಕಿ ಇಲ್ಲದೆ ಆರಂಭಿಸಿದರೆ ವಿದ್ಯುತ್ತಿಗೆ 3,000, ಇತರೆ 2,000, ಒಟ್ಟು 14,000. ಕಂತು ಸೇರಿ 19,000. ಸ್ವಂತ ಸಂಬಳ ಸೇರಿ 34,000. ಅದೇ ಉಳಿಕೆಯಿಂದ ಭಾಗಿಸಿದರೆ ಬ್ಯಾಂಕಿನವರೆಗಿನ ಮೆಟ್ಟಿಲಿಗೆ ದಿನಕ್ಕೆ ಐದೂಕಾಲು ಕೆಲಸ, ಸಂಬಳದ ಮೆಟ್ಟಿಲಿಗೆ ಒಂಬತ್ತೂವರೆ. ಮೊದಲ ತಿಂಗಳು ಐದೇ ಕೆಲಸ ಬಂದರೂ ಕೊರತೆ ಸಾವಿರ ರೂಪಾಯಿಯ ಆಸುಪಾಸು. ಕೈಯಲ್ಲಿರುವ 45,000 ಹಾಗೆಯೇ ಉಳಿದು, ಜಡವಾದ ತಿಂಗಳುಗಳಿಗೆ ಒದಗುತ್ತದೆ.

ಇದಕ್ಕೂ ಮಿತಿ ಇದೆ. ಒಂದು ಕೆಲಸಕ್ಕೆ ಸರಾಸರಿ ಇಪ್ಪತ್ತು ನಿಮಿಷ ಹಿಡಿಯುತ್ತದೆ. ದಿನಕ್ಕೆ ಹತ್ತು ಕೆಲಸವೆಂದರೆ ಮೂರೂವರೆ ಗಂಟೆಯೂ ಅಲ್ಲ. ಆದರೆ ಗಿರಾಕಿಗಳು ದಿನವಿಡೀ ಹಂಚಿಕೊಂಡು ಬರುವುದಿಲ್ಲ. ಸಂಜೆ ನಾಲ್ಕರಿಂದ ಏಳರೊಳಗೆ, ಅದರಲ್ಲೂ ಶನಿವಾರ ಭಾನುವಾರ, ಒಟ್ಟಿಗೆ ಬರುತ್ತಾರೆ. ಮೂರು ಗಂಟೆಯಲ್ಲಿ ಒಬ್ಬರ ಕೈಗೆ ಒಂಬತ್ತು ಕೆಲಸಕ್ಕಿಂತ ಹೆಚ್ಚು ಆಗದು. ಫೇಶಿಯಲಿಗೆ ಒಬ್ಬರು ಮಲಗಿದರೆ ಥ್ರೆಡಿಂಗಿಗೆ ಬಂದವರು ಒಂದು ಗಂಟೆ ಕಾಯಬೇಕು, ಕಾಯದೆ ಹೋಗುತ್ತಾರೆ. ಹೀಗೆ ಹಿಂದಿರುಗಿ ಹೋದವರನ್ನು ಪ್ರತ್ಯೇಕ ಅಂಕಣದಲ್ಲಿ ಗೀಟು ಹಾಕಿ ಇಡಿ. ಸಹಾಯಕಿಯನ್ನು ಯಾವಾಗ ನೇಮಿಸಬೇಕೆಂದು ಆ ಅಂಕಣವೇ ಹೇಳುತ್ತದೆ. ಆಕೆಯ 13,000 ಸಂಬಳಕ್ಕೆ ತಿಂಗಳಿಗೆ 95 ಕೆಲಸ, ಅಂದರೆ ದಿನಕ್ಕೆ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ, ಹೆಚ್ಚುವರಿಯಾಗಿ ಬೇಕು. ಎರಡು ತಿಂಗಳು ಸತತವಾಗಿ ದಿನಕ್ಕೆ ನಾಲ್ಕು ಜನ ಕಾಯಲಾರದೆ ಹೋಗುತ್ತಿದ್ದರೆ ನೇಮಿಸಿ. ಅದಕ್ಕೆ ಮೊದಲು ಬೇಡ.

ಬಾಡಿಗೆಯೇ ಇಲ್ಲದೆ ಮನೆಯ ಒಂದು ಕೋಣೆಯಲ್ಲಿ ಮಾಡಬಾರದೇ ಎಂದು ಕೇಳುವವರಿದ್ದಾರೆ. ವಾಸಕ್ಕೆಂದು ಕೊಟ್ಟ ಫ್ಲಾಟಿನಲ್ಲಿ ವ್ಯಾಪಾರಕ್ಕೆ ಅನುಮತಿ ಇದೆಯೇ ಎಂದು ಮೊದಲು ತಿಳಿದುಕೊಳ್ಳಬೇಕು. ಮನೆಯ ವಿದ್ಯುತ್ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸುವುದು 2003ರ ವಿದ್ಯುತ್ ಕಾಯಿದೆಯ 126ನೆಯ ಕಲಮಿನಂತೆ ಅನಧಿಕೃತ ಬಳಕೆ. ಸಿಕ್ಕಿದರೆ ಅನ್ವಯವಾಗುವ ದರದ ಎರಡರಷ್ಟು ತೆರಬೇಕಾಗುತ್ತದೆ. ಸೊನ್ನೆ ಬಾಡಿಗೆಯ ಲೆಕ್ಕದಲ್ಲಿ ಈ ಅಪಾಯದ ಬೆಲೆ ಕಾಣುವುದಿಲ್ಲ.

ಕೊನೆಯದಾಗಿ ನಮ್ಮ ನಾಡಿನಿಂದಲೇ ಬಂದ ಎರಡು ಸಾಧನಗಳನ್ನು ನೆನಪಿಸುತ್ತೇನೆ. 1982ರಲ್ಲಿ ಉಜಿರೆಯಲ್ಲಿ, ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಅದರ ಮಾದರಿಯಲ್ಲಿಯೇ ಇಂದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ, ನಮ್ಮ ನೆರೆಯ ಗಾಜಿಯಾಬಾದಿನಲ್ಲಿಯೂ ರುಡ್‌ಸೆಟ್ ಶಾಖೆಯಿದೆ. ಅಲ್ಲಿನ ತರಬೇತಿಗಳಲ್ಲಿ ಬ್ಯೂಟಿ ಪಾರ್ಲರ್ ನಿರ್ವಹಣೆಯೂ ಸೇರಿದೆ. ಕೈಕೆಲಸದ ಜೊತೆಗೆ ಲೆಕ್ಕ ಬರೆಯುವುದನ್ನೂ ಯೋಜನಾ ವರದಿ ತಯಾರಿಸುವುದನ್ನೂ ಕಲಿಸುತ್ತಾರೆ. ಎರಡನೆಯದು ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಯೋಜನೆ ಅದು. ದಿನದ ದುಡಿಮೆಯವರಿಂದ ದಿನವೇ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಮನೆಬಾಗಿಲಿಗೆ ಹೋಗಿ ಕೂಡಿಸುತ್ತಿದ್ದರು. ಅದರ ತತ್ವ ಈ ಅಂಗಡಿಗೂ ಸಲ್ಲುತ್ತದೆ. ಮಾಸಿಕ ಕಂತನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ ಇನ್ನೂರು ರೂಪಾಯಿಯೊಳಗೆ. ಪ್ರತಿ ರಾತ್ರಿ ಬಾಗಿಲು ಹಾಕುವ ಮುನ್ನ ಇನ್ನೂರನ್ನು ಬೇರೆ ಖಾತೆಗೆ ಹಾಕಿದರೆ ಕಂತಿನ ದಿನ ಹುಡುಕಾಟವಿಲ್ಲ. ಹಾಕಲಾರದ ದಿನಗಳು ವಾರಕ್ಕೆ ಮೂರಾದರೆ, ಎರಡನೆಯ ಮೆಟ್ಟಿಲಿನಿಂದ ಕಾಲು ಜಾರುತ್ತಿದೆ ಎಂದು ಬ್ಯಾಂಕಿಗಿಂತ ಮೊದಲೇ ನಿಮಗೆ ತಿಳಿಯುತ್ತದೆ.

ಅರ್ಜಿಯ ಹೊಸ ಪ್ರತಿಯನ್ನು ಈ ಸೋದರಿ ತಮ್ಮ ಕೈಯಿಂದಲೇ ಬರೆಯಲಿ, ಗುತ್ತಿಗೆಗೆ ಬರೆದುಕೊಡುವವರಿಂದ ಬೇಡ. ಬ್ಯಾಂಕಿನ ಅಧಿಕಾರಿ "ದಿನಕ್ಕೆ ಎಷ್ಟು ಕೆಲಸ ಬೇಕಮ್ಮ?" ಎಂದು ಕೇಳಿದಾಗ, ಕಾಗದ ನೋಡದೆ "ಐದೂಕಾಲು ನಿಮಗೆ, ಒಂಬತ್ತೂವರೆ ನನಗೆ" ಎಂದು ಅವರು ಹೇಳಬಲ್ಲರಾದರೆ ಸಹಿ ಮಾಡಲು ಅಡ್ಡಿಯಿಲ್ಲ.

ಪ್ರಶ್ನೆಗಳಿದ್ದವರು ತಮ್ಮ ಅಂಕಿಗಳನ್ನು ಬರೆದುಕೊಂಡು ಬನ್ನಿ, ಕುಳಿತು ಭಾಗಿಸೋಣ.